ನಲ್ಲಿ ನೀರು ಕೆಡಿಸಿದ ನನ್ನ ಮೊದಲ ಚೆಡ್ಡಾರ್

ಡೈರಿ ಟೆಕ್ನಾಲಜಿ ಥಿಯರಿ ಪೇಪರ್‌ನಲ್ಲಿ 'ರೆನೆಟ್‌ನಿಂದ ಹಾಲು ಹೆಪ್ಪುಗಟ್ಟುವ ಎರಡು ಹಂತ ವಿವರಿಸಿ' ಅಂತ ಪ್ರಶ್ನೆ ಬರುತ್ತದೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಮಾತ್ರ ಬೆಂಗಳೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ಚೆಡ್ಡಾರ್ ಚೀಸ್ ಮಾಡಲು ಹೋಗಿ 10 ಲೀಟರ್ ಹಸುವಿನ ಹಾಲು ಕೆಡಿಸಿಕೊಂಡ ಮೇಲೆ.

ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, 31ಕ್ಕೆ ಆರಿಸಿ, ಸ್ಟಾರ್ಟರ್ ಕಲ್ಚರ್ ಹಾಕಿ ಮುಕ್ಕಾಲು ಗಂಟೆ ಬಿಟ್ಟೆ. ಆಮೇಲೆ 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ಅಲ್ಲಿವರೆಗೂ ಸರಿ ಇತ್ತು. ಬಳಸಿದ್ದು ಶಿಲೀಂಧ್ರದಿಂದ ತೆಗೆದ ಸಸ್ಯಾಹಾರಿ ರೆನೆಟ್, 2 ಮಿಲಿ. ಅದನ್ನು ಅರ್ಧ ಲೋಟ ನಲ್ಲಿ ನೀರಿಗೆ ಬೆರೆಸಿ, ಹತ್ತು ನಿಮಿಷ ಬಿಟ್ಟು ಹಾಲಿಗೆ ಸುರಿದೆ.

ಮುಕ್ಕಾಲು ಗಂಟೆಯಾದರೂ ಹಾಲು ಹಾಲಾಗೇ ಇತ್ತು. ಗಾಬರಿಯಲ್ಲಿ ಇನ್ನೂ 4 ಮಿಲಿ ನೇರವಾಗಿ ಸುರಿದು ಕದಡಿಬಿಟ್ಟೆ. ಬಿದ್ದ ಜಾಗದಲ್ಲಿ ಗಿಣ್ಣಿನ ಹಾಗೆ ಗಟ್ಟಿಯಾಯಿತು, ಪಕ್ಕದಲ್ಲಿ ಗಂಜಿ. ಕತ್ತರಿಸಿದಾಗ ಪುಡಿಪುಡಿ. ಕೆಳಗೆ ಬಸಿದ ನೀರು ಬೆಳ್ಳಗೆ ಹಾಲಿನಂತಿತ್ತು, ಅಂದರೆ ಕೊಬ್ಬೂ ಪ್ರೋಟೀನೂ ಚರಂಡಿಗೆ.

ನಲ್ಲಿ ನೀರಿನ ಕ್ಲೋರಿನ್ ರೆನೆಟ್‌ನಲ್ಲಿರುವ ಎಂಜೈಮನ್ನು ಹಾಳು ಮಾಡಿತ್ತು. ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್. ಅದರ ಕಣಗಳ ಮೇಲೆ ಕಪ್ಪಾ-ಕೇಸಿನ್ ಎಂಬ ಬಗೆ ಕೂದಲಿನಂತೆ ಎದ್ದು ನಿಂತು ಅವು ಅಂಟಿಕೊಳ್ಳದಂತೆ ತಡೆಯುತ್ತದೆ. ರೆನೆಟ್ ಅದನ್ನು ಒಂದೇ ಜಾಗದಲ್ಲಿ, 105ನೇ ಮತ್ತು 106ನೇ ಅಮೈನೋ ಆಮ್ಲಗಳ ನಡುವೆ ಕತ್ತರಿಸುತ್ತದೆ. ಇದು ಮೊದಲ ಹಂತ. ಬೋಳಾದ ಕಣಗಳು ಕ್ಯಾಲ್ಸಿಯಂ ಸಹಾಯದಿಂದ ಒಂದಕ್ಕೊಂದು ಅಂಟಿ ಬಲೆಯಾಗುವುದು ಎರಡನೆಯದು. ಬಹುಪಾಲು ಕೂದಲು ಹೋಗುವ ತನಕ ಕಣ್ಣಿಗೆ ಏನೂ ಕಾಣುವುದಿಲ್ಲ. ತಣ್ಣನೆ ಹಾಲಲ್ಲಿ ಮೊದಲ ಹಂತ ನಿಧಾನವಾಗಿ ನಡೆದರೂ ಎರಡನೆಯದು ನಡೆಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯಲು ಮರೆಯಬೇಡಿ.

ಮುಂದಿನ ವಾರ ಕುದಿಸಿ ಆರಿಸಿದ ನೀರು ಬಳಸಿದೆ. ನೀರಿಗೆ ಬೆರೆಸಿದ ಕೂಡಲೇ ಹಾಲಿಗೆ ಹಾಕಿ, ಒಂದು ನಿಮಿಷ ಮೆಲ್ಲಗೆ ತಿರುಗಿಸಿ, ಪಾತ್ರೆ ಮುಟ್ಟದೆ ಬಿಟ್ಟೆ. 40 ನಿಮಿಷಕ್ಕೆ ಚಾಕು ಓರೆಯಾಗಿ ತೂರಿಸಿ ಎತ್ತಿದೆ. ಬಿರುಕು ನೇರವಾಗಿ ಸೀಳಿತು, ಒಳಗೆ ತಿಳಿ ಹಸಿರು-ಹಳದಿ ನೀರು. ಕತ್ತರಿಸುವ ಹೊತ್ತು ಅದೇ. ಒಂದು ಸೆಂಟಿಮೀಟರ್ ಚೌಕ ಮಾಡಿ, ಐದು ನಿಮಿಷ ಸುಮ್ನೆ ಬಿಟ್ಟೆ. ಆ ಹೊತ್ತಿನಲ್ಲಿ ಕತ್ತರಿಸಿದ ಮುಖಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ತಿರುಗಿಸುತ್ತಾ ಅರ್ಧ ಗಂಟೆಯಲ್ಲಿ 38 ಡಿಗ್ರಿಗೆ ಏರಿಸಿದೆ. ಬೇಗ ಬಿಸಿ ಮಾಡಿದರೆ ಹೊರಗೆ ಸಿಪ್ಪೆ ಕಟ್ಟಿ ನೀರು ಒಳಗೇ ಉಳಿಯುತ್ತದೆ. ಬಸಿಯುವುದು, ಉಪ್ಪು, ಒತ್ತುವುದು ಮಾಮೂಲಿ.

ಪುಡಿಯಾದ ಮೊದಲನೆಯದನ್ನೂ ಒತ್ತಿಟ್ಟಿದ್ದೆ. ಎರಡೂ ಚೀಸನ್ನು ಮಾಗಲು ಹಳೆ ಫ್ರಿಜ್‌ನಲ್ಲಿ 10 ಡಿಗ್ರಿಗೆ ಇಟ್ಟೆ. ಎರಡು ತಿಂಗಳಿಗೆ ಮೊದಲನೆಯದು ಅಲ್ಲಲ್ಲಿ ಕಹಿಯಾಗಿತ್ತು. ಉಳಿದ ರೆನೆಟ್ ಮಾಗುವಾಗಲೂ ಕೇಸಿನ್ ಕತ್ತರಿಸುತ್ತಲೇ ಇರುತ್ತದೆ, ಜಾಸ್ತಿಯಾದರೆ ಕಹಿ ಪೆಪ್ಟೈಡ್ ಹುಟ್ಟುತ್ತವೆ. ಗಾಬರಿಯಲ್ಲಿ ಸುರಿದ ಆ 4 ಮಿಲಿ ಬಿದ್ದಿದ್ದ ಕಡೆಯೇ ಕಹಿ ಇದ್ದಿರಬೇಕು. ಎರಡನೆಯದನ್ನು ಅಮ್ಮ ಚಪಾತಿ ಜೊತೆ ತಿಂದು, 'ಉಪ್ಪು ಸ್ವಲ್ಪ ಕಮ್ಮಿ ಕಣೋ' ಅಂದರು.