ಒಂದು ಕಂಪ್ರೆಸರ್ ಮಾರೋಕೆ ಆರು ಜನರ ಹತ್ರ ಮಾತಾಡಿದ್ದು: ನನ್ನ ಅನುಭವ

ನಾನು ಪೀಣ್ಯ ಕಡೆ ಫ್ಯಾಕ್ಟರಿಗಳಿಗೆ ಏರ್ ಕಂಪ್ರೆಸರ್ ಮಾರ್ತೀನಿ. ಈ ಕೇಸ್ ಒಂದು ಮಷಿನಿಂಗ್ ಯೂನಿಟ್‌ದು. ಅಲ್ಲಿ ಎರಡು ಶಿಫ್ಟ್ ಓಡೋ 50 ಎಚ್‌ಪಿಯ ಹಳೇ ಸ್ಕ್ರೂ ಕಂಪ್ರೆಸರ್ ಇತ್ತು, ಅದ್ರ ಬದಲು ವಿಎಫ್‌ಡಿ, ಅಂದ್ರೆ ಗಾಳಿ ಎಷ್ಟು ಬೇಕೋ ಅಷ್ಟಕ್ಕೆ ಮೋಟರ್ ವೇಗ ಬದಲಿಸೋ ಡ್ರೈವ್ ಇರೋದು ಕೊಡೋಣ ಅಂತ ನಮ್ಮ ಯೋಚನೆ.

ಹೊಸ ಕಂಪನಿಗೆ ಹೋದ್ರೆ "ಡಿಸಿಷನ್ ಯಾರು ತಗೋತಾರೆ" ಅಂತ ನಾನು ಯಾವತ್ತೂ ಕೇಳಲ್ಲ, ಹಾಗೆ ಕೇಳಿದ್ರೆ ಎಲ್ರೂ "ನಾನೇ" ಅಂತಾರೆ. ಅದರ ಬದಲು "ಸರ್, ಕಳೆದ ಸಲ ದೊಡ್ಡ ಮಷಿನ್ ತಗೊಂಡಾಗ ಇಂಡೆಂಟ್ ಯಾರು ಹಾಕಿದ್ರು, ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಯಾರು ಮಾಡಿದ್ರು, ಪಿಒ ಮೇಲೆ ಯಾರ ಸೈನ್ ಬಿತ್ತು" ಅಂತ ಕೇಳ್ತೀನಿ. ಇಂಡೆಂಟ್ ಅಂದ್ರೆ ಮಷಿನ್ ಬೇಕು ಅಂತ ಒಳಗೇ ಕೊಡೋ ಬೇಡಿಕೆ, ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಅಂದ್ರೆ ಕೊಟೇಶನ್‌ಗಳ ಹೋಲಿಕೆ, ಪಿಒ ಅಂದ್ರೆ ಪರ್ಚೇಸ್ ಆರ್ಡರ್. ನಡೆದಿರೋ ಕಥೆ ಹೇಳುವಾಗ ಜನ ಮುಚ್ಚಿಡಲ್ಲ. ಇಲ್ಲಿ ಇಂಡೆಂಟ್ ಮೇಂಟೆನೆನ್ಸ್ ಮ್ಯಾನೇಜರ್‌ದು, ಕೊಟೇಶನ್ ಪರ್ಚೇಸ್‌ದು, ಸೈನ್ ಎಂಡಿದು ಅಂತ ಗೊತ್ತಾಯ್ತು, ಆದ್ರೆ ಮಾತಿನ ನಡುವೆ ಮ್ಯಾನೇಜರ್ "ನಮ್ ಫಿಟರ್ ಬೇಡ ಅಂದ್ರೆ ನಾನು ಇಂಡೆಂಟೇ ಹಾಕಲ್ಲ" ಅಂದ್ರು. ಯಾವ ಕಾಗದದ ಮೇಲೂ ಇಲ್ಲದ ಹೆಸರು ಅದು.

ಮೊದಲು ಕಂಪ್ರೆಸರ್‌ನ ಕರೆಂಟು, ಪ್ರೆಶರ್ ದಾಖಲಿಸೋ ಡೇಟಾ ಲಾಗರ್ ಕಟ್ಟಿ ಒಂದು ವಾರ ಬಿಟ್ವಿ. ಕಂಪ್ರೆಸರ್ ಓಡೋ ಟೈಮಲ್ಲಿ 40% ಅನ್‌ಲೋಡ್, ಅಂದ್ರೆ ಗಾಳಿ ಕೊಡದೇ ಸುಮ್ನೆ ತಿರುಗ್ತಾ 11 ಕಿಲೋವ್ಯಾಟ್ ತಿಂತಿತ್ತು. ವರ್ಷಕ್ಕೆ 4800 ಗಂಟೆ ಅಂತ ಹಿಡಿದ್ರೆ 1920 ಗಂಟೆ ಅನ್‌ಲೋಡ್, ಅಲ್ಲಿಗೆ 21,000 ಯೂನಿಟ್ ಚಿಲ್ಲರೆ, ಯೂನಿಟ್‌ಗೆ 8 ರೂಪಾಯಿ ಲೆಕ್ಕದಲ್ಲಿ ಸುಮಾರು 1.7 ಲಕ್ಷ. ಡ್ರೈವ್ ತಾನೂ ಸ್ವಲ್ಪ ಕರೆಂಟ್ ತಿನ್ನುತ್ತೆ, ತುಂಬಾ ಕಮ್ಮಿ ಡಿಮ್ಯಾಂಡ್ ಇದ್ದಾಗ ಅದೂ ಅನ್‌ಲೋಡ್‌ಗೆ ಹೋಗುತ್ತೆ, ಅದಕ್ಕೆ ಉಳಿತಾಯ 1.3 ಲಕ್ಷ ಅಂತ ಮಾತ್ರ ಬರೆದೆ. ಯಾವಾಗ್ಲೂ ಫುಲ್ ಲೋಡ್‌ನಲ್ಲೇ ಓಡೋ ಕಡೆ ವಿಎಫ್‌ಡಿ ತಗೊಂಡ್ರೆ ಲಾಭವೇ ಇಲ್ಲ, ಅಂಥವರಿಗೆ ನಾನು ಬೇಡ ಅಂತಾನೇ ಹೇಳ್ತೀನಿ.

ಆಮೇಲೆ ಒಬ್ಬೊಬ್ಬರ ಹತ್ರ ಹೋದೆ. ಎಂಡಿ ಮತ್ತೆ ಅಕೌಂಟ್ಸ್‌ನವರಿಗೆ ಒಂದೇ ಪುಟ: ಮಾಮೂಲಿ ಮಷಿನ್‌ಗಿಂತ 3 ಲಕ್ಷ ಜಾಸ್ತಿ, ಆ ಜಾಸ್ತಿ ದುಡ್ಡು ವಾಪಸ್ ಬರೋಕೆ ಎರಡೂಕಾಲು ವರ್ಷದ ಮೇಲೆ. ಪ್ರೊಡಕ್ಷನ್ ಹೆಡ್‌ಗೆ ಕರೆಂಟ್ ಬಿಲ್ ಮುಖ್ಯ ಅಲ್ಲ, ಪ್ರೆಶರ್ ಬಿದ್ರೆ ಸಿಎನ್‌ಸಿ ಮಷಿನ್‌ನಲ್ಲಿ ಜಾಬ್ ಹಿಡಿಯೋ ಚಕ್ ಅಲಾರಂ ಹೊಡೆಯುತ್ತೆ ಅನ್ನೋದೇ ಅವರ ತಲೆನೋವು. ಅವರಿಗೆ ಲಾಗರ್ ಗ್ರಾಫ್ ತೋರಿಸಿದೆ, ಪ್ರೆಶರ್ 6.5ರಿಂದ 7.5 ಬಾರ್ ಮಧ್ಯೆ ಏರಿಳೀತಾ ಇತ್ತು, ವಿಎಫ್‌ಡಿ ಆದ್ರೆ ಸೆಟ್ ಮಾಡಿದ ಪ್ರೆಶರ್ ಹತ್ರಾನೇ ನಿಲ್ಲುತ್ತೆ ಅಂತ ವಿವರಿಸಿದೆ.

ಫಿಟರ್ ಹತ್ರ ಬ್ರೋಷರ್ ತಗೊಂಡು ಹೋಗ್ಲಿಲ್ಲ, ಕಂಪ್ರೆಸರ್ ರೂಮಲ್ಲೇ ನಿಂತು "ಅಣ್ಣ, ನಿಮಗೆ ಏನು ಭಯ" ಅಂತ ಕೇಳಿದೆ. "ಹಳೇದ್ರಲ್ಲಿ ವಾಲ್ವ್ ಹೋದ್ರೆ ನಾನೇ ಬಿಚ್ಚಿ ಸರಿ ಮಾಡ್ತೀನಿ, ಇದ್ರಲ್ಲಿ ರಾತ್ರಿ ಶಿಫ್ಟಲ್ಲಿ ಡ್ರೈವ್ ಕಾರ್ಡ್ ಹೋದ್ರೆ ಬೈಗುಳ ತಿನ್ನೋನು ನಾನು" ಅಂದ್ರು. ನ್ಯಾಯವಾದ ಮಾತು, ಆ ರೂಮಲ್ಲಿ ಧೂಳು, ಸೆಕೆ ಎರಡೂ ಇತ್ತು. ಬಿಸಿ ಗಾಳಿ ಹೊರಗೆ ಹೋಗೋಕೆ ಡಕ್ಟ್, ಪ್ಯಾನೆಲ್ ಫಿಲ್ಟರ್ ಕ್ಲೀನ್ ಮಾಡೋ ಟ್ರೈನಿಂಗ್, ಜೊತೆಗೆ ಹಳೇ ಮಷಿನ್‌ನ ಸ್ಟ್ಯಾಂಡ್‌ಬೈ ಆಗಿ ಇಟ್ಕೊಳ್ಳೋದು, ಇಷ್ಟಕ್ಕೆ ಅವರು ಒಪ್ಪಿದ್ರು.

ಇಲ್ಲೇ ಕಗ್ಗಂಟು ಬಿತ್ತು. ಪರ್ಚೇಸ್‌ನವರಿಗೆ ಹಳೇ ಮಷಿನ್ ಬೈಬ್ಯಾಕ್ ಆಗ್ಬೇಕು, ಅಂದ್ರೆ ನಾವು ಅದನ್ನ ವಾಪಸ್ ತಗೊಂಡು ಬೆಲೆಯಲ್ಲಿ ಕಳೀಬೇಕು, ಯಾಕಂದ್ರೆ ಅವರು ಮೂರು ಕೊಟೇಶನ್ ಪಕ್ಕಪಕ್ಕ ಇಟ್ಟು ಎಷ್ಟು ಇಳಿಸಿದೆ ಅಂತ ತೋರಿಸ್ಬೇಕು. ಫಿಟರ್‌ಗೆ ಸ್ಟ್ಯಾಂಡ್‌ಬೈ ಅಂದು ಪರ್ಚೇಸ್‌ಗೆ ಬೈಬ್ಯಾಕ್ ಅಂದಿದ್ರೆ ಪಿಒ ಹೊತ್ತಿಗೆ ಇಬ್ಬರೂ ನನ್ನ ನಂಬ್ತಿರ್ಲಿಲ್ಲ. ಒಬ್ಬೊಬ್ಬರಿಗೆ ಬೇರೆ ಮಾತು ಅಂದ್ರೆ ಒತ್ತು ಬೇರೆ ಅಷ್ಟೇ, ಕೊಡೋ ಮಾತು ಎಲ್ಲರಿಗೂ ಒಂದೇ ಇರ್ಬೇಕು. ಮೇಂಟೆನೆನ್ಸ್ ಮ್ಯಾನೇಜರ್‌ಗೆ ಹೇಳಿ ಎಲ್ಲರನ್ನೂ ಒಂದು ಮೀಟಿಂಗ್‌ಗೆ ಸೇರಿಸಿದ್ವಿ, ಒಂದು ವರ್ಷ ಹಳೇದು ಸ್ಟ್ಯಾಂಡ್‌ಬೈ, ಆಮೇಲೆ ಈಗಲೇ ಬರೆದುಕೊಟ್ಟ ರೇಟ್‌ಗೆ ನಾವು ವಾಪಸ್ ತಗೋತೀವಿ ಅಂತ ತೀರ್ಮಾನ ಆಯ್ತು. ಪರ್ಚೇಸ್‌ಗೆ ಪೇಮೆಂಟ್ 60 ದಿನಕ್ಕೆ ಬಿಟ್ವಿ, ಆರ್ಡರ್ ನಮಗೇ ಬಂತು.

ಎಲ್ಲಾ ಕಡೆ ಇಷ್ಟು ಓಡಾಡೋ ಅಗತ್ಯ ಇಲ್ಲ. ಎನ್‌ಕ್ವೈರಿಯಲ್ಲಿ ಬರೆದಿರೋ ಸಿಎಫ್‌ಎಂ, ಅಂದ್ರೆ ನಿಮಿಷಕ್ಕೆ ಬೇಕಾದ ಗಾಳಿಯ ಪ್ರಮಾಣ, ಇನ್ನೊಂದು ಬ್ರ್ಯಾಂಡಿನ ಕ್ಯಾಟಲಾಗ್ ಜೊತೆ ದಶಮಾಂಶದವರೆಗೂ ಹೊಂದ್ತಿದ್ರೆ, ಪರ್ಚೇಸ್‌ನವರು ಟೆಕ್ನಿಕಲ್ ಏನೂ ಕೇಳದೆ ರೇಟ್ ಮಾತ್ರ ಕೇಳ್ತಿದ್ರೆ, ಬಹುತೇಕ ನಿಮ್ಮದು ಲೆಕ್ಕಕ್ಕೆ ಬೇಕಾದ ಮೂರನೇ ಕೊಟೇಶನ್. ಆಗ ನಾನು "ಇಂಡೆಂಟ್ ಹಾಕಿದವರ ಜೊತೆ ಒಂದ್ಸಲ ಮಾತಾಡಬಹುದಾ ಸರ್" ಅಂತ ಪರ್ಚೇಸ್‌ನವರನ್ನೇ ಕೇಳ್ತೀನಿ, ಅವರ ಬೆನ್ನ ಹಿಂದೆ ಹೋಗಲ್ಲ. ಬಿಡ್ಲಿಲ್ಲ ಅಂದ್ರೆ ರೇಟ್ ಕಳಿಸಿ ಮುಂದಿನ ಕಂಪನಿಗೆ ಹೊರಡ್ತೀನಿ.