ಸ್ವಂತ ದುಡ್ಡೋ, ಸಾಲವೋ, ಪಾಲುದಾರನೋ? ಸಣ್ಣ ಸರ್ವಿಸ್ ಕಂಪನಿಯ ಹಣದ ಯೋಜನೆ ಬರೆಯುವುದು ಹೀಗೆ

ಹುಬ್ಬಳ್ಳಿಯಲ್ಲಿ ಇಬ್ಬರು ಗೆಳೆಯರು ನೀರಿನ ಫಿಲ್ಟರ್ ಸರ್ವಿಸ್ ಕಂಪನಿ ತೆರೆಯಲು ಹೊರಟಿದ್ದಾರೆ ಎಂದುಕೊಳ್ಳಿ. ಇಬ್ಬರೂ ಏಳೆಂಟು ವರ್ಷ ಬೇರೆಯವರ ಬಳಿ ಟೆಕ್ನೀಶಿಯನ್ ಆಗಿದ್ದವರು. 'ಇನ್ವೆಸ್ಟರ್ ಎಲ್ಲಿ ಸಿಗ್ತಾರೆ?' ಎಂಬುದೇ ಅವರ ಮೊದಲ ಪ್ರಶ್ನೆ. ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ಹಣ, ಯಾವ ತಿಂಗಳು, ಯಾತಕ್ಕೆ ಬೇಕು ಎಂಬುದು ಕಾಗದದ ಮೇಲೆ ಬಂದರೆ ಯಾರ ಬಳಿ ಕೇಳಬೇಕೆಂಬುದು ಮುಕ್ಕಾಲು ಪಾಲು ತಾನೇ ತೀರ್ಮಾನವಾಗುತ್ತದೆ.

ಮೊದಲು ಗುಂಡಿಯ ಆಳ ಅಳೆಯಿರಿ

ಒಂದು ಮನೆಗೆ ಹೋಗಿ ಬರುವುದಕ್ಕೆ ಈ ಕಸುಬಿನಲ್ಲಿ 'ಕಾಲ್' ಎನ್ನುತ್ತಾರೆ. ಎಲ್ಲ ಲೆಕ್ಕವನ್ನೂ ಅದರಲ್ಲೇ ಮಾಡಿ. ನಮ್ಮ ಉದಾಹರಣೆಯಲ್ಲಿ ಒಂದು ಕಾಲ್‌ಗೆ ಸರಾಸರಿ 650 ರೂಪಾಯಿ ಬರುತ್ತದೆ, ಅದರಲ್ಲಿ 220 ಬಿಡಿಭಾಗಕ್ಕೆ ಹೋಗುತ್ತದೆ, 430 ಉಳಿಯುತ್ತದೆ. ಸಂಬಳ, ಬಾಡಿಗೆ, ಪೆಟ್ರೋಲು ಎಲ್ಲವೂ ಈ 430ರಲ್ಲೇ ಹುಟ್ಟಬೇಕು.

ಗೆಳೆಯರ ಮೊದಲ ಯೋಜನೆ ದೊಡ್ಡದಿತ್ತು: ನಾಲ್ವರು ಹುಡುಗರು, ಫೋನ್ ಎತ್ತಲು ಒಬ್ಬರು, ಒಂದು ಚಿಕ್ಕ ಆಫೀಸು. ಮಾಲೀಕರಿಬ್ಬರ ತಲಾ 20,000 ಸೇರಿ ತಿಂಗಳ ಖರ್ಚು 1,55,000 ರೂಪಾಯಿ. (ಹೆಚ್ಚಿನವರು ತಮ್ಮ ಸಂಬಳವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆರನೇ ತಿಂಗಳಿಗೆ ಮನೆಯ ರೇಷನ್ನಿಗೂ ಕೈಗಡ ಶುರುವಾದಾಗ ಆ ಸುಳ್ಳು ಗೊತ್ತಾಗುತ್ತದೆ.) ಇದನ್ನು 430ರಿಂದ ಭಾಗಿಸಿದರೆ ತಿಂಗಳಿಗೆ 361 ಕಾಲ್ ಆಗಲೇಬೇಕು. ಮೊದಲ ತಿಂಗಳು 120 ಕಾಲ್, ಆಮೇಲೆ ಪ್ರತಿ ತಿಂಗಳೂ 50 ಹೆಚ್ಚು ಎಂದು ಹಿಡಿದರೂ ಐದು ತಿಂಗಳು ಕೊರತೆಯೇ. ಕೂಡಿಸಿದರೆ 3,02,000. ಉಪಕರಣ, ಬಿಡಿಭಾಗದ ಸ್ಟಾಕು, ಅಂಗಡಿಯ ಅಡ್ವಾನ್ಸಿಗೆ ಒಂದೂವರೆ ಲಕ್ಷ.

ಇಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ನೂರಕ್ಕೆ ನಲವತ್ತು ಕಾಲ್ ಪಿಜಿ, ಕಾಲೇಜು, ಆಫೀಸುಗಳದ್ದಾಗಿ, ಅವರು 60 ದಿನಕ್ಕೆ ಬಿಲ್ ಕೊಟ್ಟರೆ ಆರನೇ ತಿಂಗಳ ಕೊನೆಗೆ ಸುಮಾರು 1,79,000 ರೂಪಾಯಿ ಹೊರಗೇ ಸಿಕ್ಕಿಕೊಂಡಿರುತ್ತದೆ. ಪುಸ್ತಕದಲ್ಲಿ ಲಾಭ ಕಾಣುತ್ತದೆ, ಒಂದನೇ ತಾರೀಖು ಸಂಬಳಕ್ಕೆ ಕಾಸಿರುವುದಿಲ್ಲ. ಸರ್ವಿಸ್ ಕಂಪನಿಗಳು ಕಾಲ್ ಇಲ್ಲದೆ ಮುಚ್ಚುವಷ್ಟೇ ಸುಲಭವಾಗಿ ಹೀಗೂ ಮುಚ್ಚುತ್ತವೆ. ಮೂರೂ ಸೇರಿ ಗುಂಡಿಯ ಆಳ, ಅಂದರೆ ಒಟ್ಟು ಬೇಕಾದ ಹಣ, ಸುಮಾರು 6,31,000.

ಅದೇ ಗುಂಡಿ ಚಿಕ್ಕದಾಗುತ್ತದೆಯೇ ನೋಡಿ

ಸ್ವಂತ ಬಲದಲ್ಲೇ ಶುರು ಮಾಡುವ ಬೂಟ್‌ಸ್ಟ್ರ್ಯಾಪಿಂಗ್ ಎಂದರೆ ಉಳಿತಾಯದ ದುಡ್ಡು ಸುರಿಯುವುದು ಎಂಬ ಭಾವನೆ ಇದೆ. ನಿಜವಾಗಿ ಅದು ಕೆಲಸದ ಕ್ರಮವನ್ನೇ ಬದಲಿಸುವುದು. ಗೆಳೆಯರಿಬ್ಬರೂ ತಾವೇ ಕಾಲ್‌ಗೆ ಹೋಗಲಿ, ಇಬ್ಬರನ್ನು ಮಾತ್ರ ಕೆಲಸಕ್ಕಿಟ್ಟುಕೊಳ್ಳಲಿ, ಸದ್ಯ ಮನೆಯ ವರಾಂಡವೇ ಆಫೀಸಾಗಲಿ, ಉದ್ರಿ ಗಿರಾಕಿ ಬೇಡ. ತಿಂಗಳ ಖರ್ಚು 88,000ಕ್ಕೆ ಇಳಿಯುತ್ತದೆ, 205 ಕಾಲ್ ಸಾಕು. ಅದೇ ಬೆಳವಣಿಗೆಯಲ್ಲಿ ಮೂರನೇ ತಿಂಗಳಿಗೇ ಸರಿದೂಗುತ್ತದೆ. ಕೊರತೆ 51,300, ಉಪಕರಣ ಮತ್ತು ಸ್ಟಾಕಿಗೆ 90,000. ಆರೂಕಾಲು ಲಕ್ಷ ದಾಟಿದ್ದ ಅಗತ್ಯ ಒಂದೂವರೆ ಲಕ್ಷದೊಳಕ್ಕೆ ಬಂತು.

ಬೆಲೆಯೂ ಇದೆ. ದೊಡ್ಡ ಕಾಲೇಜಿನ ಗುತ್ತಿಗೆ ಬಂದರೆ ಬಿಡಬೇಕು. ಒಬ್ಬ ಮಾಲೀಕ ಜ್ವರ ಬಂದು ಮಲಗಿದರೆ ಆ ವಾರದ ಕಾಲ್ ಕಾಲುಭಾಗ ಹೋಯಿತು.

ಎಎಂಸಿ ಹಣದ ಬಲೆ

ಈ ಹಂತದಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ ಎಎಂಸಿ, ಅಂದರೆ ಇಡೀ ವರ್ಷದ ಸರ್ವಿಸಿಗೆ ಮುಂಗಡವಾಗಿಯೇ ಹಣ ಪಡೆಯುವ ಗುತ್ತಿಗೆ. 2,400 ರೂಪಾಯಿಯಂತೆ 60 ಮನೆ ಹಿಡಿದರೆ ಒಮ್ಮೆಲೇ 1,44,000 ಕೈಗೆ ಬರುತ್ತದೆ. ಹೆಚ್ಚೂಕಡಿಮೆ ಅವರಿಗೆ ಬೇಕಾದಷ್ಟೇ, ಬಡ್ಡಿಯೂ ಇಲ್ಲ. ಆದರೆ ಅದು ಇನ್ನೂ ಮಾಡದ ಕೆಲಸದ ದುಡ್ಡು. ಅದರಲ್ಲಿ ಬೈಕು ಕೊಂಡವರು ಒಂಬತ್ತನೇ ತಿಂಗಳು ಫಿಲ್ಟರ್ ಬದಲಿಸುವ ಹೊತ್ತಿಗೆ ಹೊಸ ಎಎಂಸಿ ಹಿಡಿದು ಹಳೆಯದನ್ನು ತೀರಿಸುತ್ತಿರುತ್ತಾರೆ. ಬೇರೆ ಖಾತೆ ತೆರೆದು ಅಲ್ಲಿಡಿ, ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ 12,000 ಮಾತ್ರ ಖರ್ಚಿನ ಖಾತೆಗೆ ತನ್ನಿ. ಆ ಖಾತೆಯಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಇದೆ ಎಂದಾದ ದಿನವೇ ನಿಮಗೆ ತಿಳಿಯದೆ ಗಿರಾಕಿಗಳಿಂದ ಸಾಲ ಮಾಡಿದ್ದೀರಿ.

ಸಾಲವನ್ನು ಕಾಲ್‌ನಲ್ಲಿ ಅಳೆಯಿರಿ

2015ರಿಂದ ಇರುವ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಶಿಶು ವಿಭಾಗದಲ್ಲಿ 50,000, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷದವರೆಗೆ ಬ್ಯಾಂಕು ಸಾಲ ಕೊಡಬಹುದು. ನಾಲ್ಕು ಲಕ್ಷವನ್ನು ಶೇ 12ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದರೆ ತಿಂಗಳ ಕಂತು 13,286 ರೂಪಾಯಿ. 430ರಿಂದ ಭಾಗಿಸಿ: ತಿಂಗಳಿಗೆ 31 ಹೆಚ್ಚುವರಿ ಕಾಲ್. ಆ ಹಣದಲ್ಲಿ ಕೊಂಡ ಬೈಕು, ಇಟ್ಟುಕೊಂಡ ಹುಡುಗ ತನ್ನ ಸಂಬಳ ದುಡಿದ ಮೇಲೂ 31 ಕಾಲ್ ಹೆಚ್ಚಿಗೆ ತರುತ್ತಾನೆಯೇ? ಹೌದಾದರೆ ಸಾಲ ತೆಗೆಯಿರಿ. ಪ್ರತಿ ತಿಂಗಳ ಕೊರತೆ ತುಂಬಲು ಕಂತಿನ ಸಾಲ ಬೇಡವೇ ಬೇಡ. ಬಿಲ್ ಬಾಕಿಯ ಅಂತರಕ್ಕಾದರೆ ಓವರ್‌ಡ್ರಾಫ್ಟ್ ಕೇಳಿ, ಬಳಸಿದ ದಿನಕ್ಕಷ್ಟೇ ಬಡ್ಡಿ.

ಹೂಡಿಕೆದಾರ ಯಾಕೆ ಬರುವುದಿಲ್ಲ

ದೊಡ್ಡ ಯೋಜನೆಯಲ್ಲಿ ನಾಲ್ವರು ದಿನಕ್ಕೆ ಐದರಂತೆ ಓಡಾಡಿ ತಿಂಗಳಿಗೆ 500 ಕಾಲ್ ಮಾಡಿದರು ಎನ್ನಿ. ವರ್ಷದ ಲಾಭ 7,20,000. 25 ಲಕ್ಷ ಹಾಕಿ ಐದರಲ್ಲೊಂದು ಪಾಲು ಪಡೆದವನಿಗೆ ಇಡೀ ಲಾಭ ಹಂಚಿದರೂ ಬರುವುದು 1,44,000. ಅಸಲು ವಾಪಸಾಗಲು 17 ವರ್ಷಕ್ಕೂ ಹೆಚ್ಚು! ಅವನು ಬರುವುದು ಲಾಭಾಂಶಕ್ಕಲ್ಲ, ತನ್ನ ಪಾಲನ್ನು ಹತ್ತಾರು ಪಟ್ಟು ಬೆಲೆಗೆ ಮಾರಿ ಹೊರಡಲು. ಕೆಲಸ ಹೆಚ್ಚಿದಷ್ಟೂ ಜನ ಹೆಚ್ಚಬೇಕಾದ ಕಡೆ ಅದು ಕಷ್ಟ.

ಸ್ವಂತ ದುಡ್ಡಿನ ಮಾತು ಬಂದಾಗಲೆಲ್ಲ ಆನ್‌ಲೈನ್ ಷೇರು ವ್ಯವಹಾರದ ಕಂಪನಿಯಾದ ಬೆಂಗಳೂರಿನ ಝೆರೋಧಾ ಉದಾಹರಣೆ ಬರುತ್ತದೆ. 2010ರಲ್ಲಿ ಶುರುವಾದ ಆ ಕಂಪನಿ ಹೊರಗಿನ ಹೂಡಿಕೆ ತೆಗೆದುಕೊಳ್ಳಲಿಲ್ಲ, ನಿಜ. ಆದರೆ ಸಾಫ್ಟ್‌ವೇರ್ ಒಂದೇ ಲಕ್ಷಾಂತರ ಗಿರಾಕಿಗಳಿಗೆ ಸಾಲುತ್ತದೆ, ಟೆಕ್ನೀಶಿಯನ್ ದಿನಕ್ಕೆ ಐದು ಮನೆಗೆ. ಸ್ಫೂರ್ತಿಗೆ ಸರಿ, ಲೆಕ್ಕಕ್ಕೆ ಹಿಡಿಯಬೇಡಿ. ಗೆಳೆಯರು ಊರೂರಿನ ಟೆಕ್ನೀಶಿಯನ್ನರಿಗೆ ಕಾಲ್ ಹಂಚುವ ಆ್ಯಪ್ ಮಾಡಲು ಹೊರಟರೆ ಮಾತು ಬೇರೆ. ಆಗ ಪಾಲು ಕೊಡುವ ಮಾತಾಡಬಹುದು, ಅದಕ್ಕೆ ಪ್ರೈವೇಟ್ ಲಿಮಿಟೆಡ್ ಕಂಪನಿಯೂ ಬೇಕಾಗುತ್ತದೆ.

ಈಗ ಬರೆಯಿರಿ

ಎರಡು ಪುಟ ಸಾಕು. ಮೊದಲ ಪುಟದಲ್ಲಿ ಹನ್ನೆರಡು ತಿಂಗಳ ಕಾಲ್, ಖರ್ಚು, ಕೈಗೆ ನಿಜವಾಗಿ ಬರುವ ಹಣ. ಬಿಲ್ ಬರೆದ ತಿಂಗಳಲ್ಲ, ಹಣ ಬರುವ ತಿಂಗಳು. ಎರಡನೆಯದರಲ್ಲಿ ಪ್ರತಿ ಅಗತ್ಯದ ಎದುರು ಮೂಲ ಮತ್ತು ಷರತ್ತು. ಗೆಳೆಯರ ಪುಟದ ಸಾಲುಗಳು ಹೀಗಿವೆ:

ಆರಂಭದ 1,50,000: ತಲಾ 75,000, ಉಳಿತಾಯದಿಂದ.
ಮೂರನೇ ಹುಡುಗ: ಸತತ ಎರಡು ತಿಂಗಳು 230 ಕಾಲ್ ದಾಟಿದ ಮೇಲೆ.
ಮುದ್ರಾ ಅರ್ಜಿ: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿದ್ದಾಗ, ಬೈಕು ಮತ್ತು ಉಪಕರಣಕ್ಕೆ ಮಾತ್ರ.
ಉದ್ರಿ ಗಿರಾಕಿ: ಆರಂಭದಲ್ಲಿ ಬೇಡ, ಮುಂದೆ ತೆಗೆದುಕೊಂಡರೂ ಒಟ್ಟು ಬಾಕಿ 40,000 ಮೀರಬಾರದು.
ನಿಲ್ಲಿಸುವ ಗೆರೆ: ಐದನೇ ತಿಂಗಳಲ್ಲೂ 150 ಕಾಲ್ ಆಗದಿದ್ದರೆ ಹೊಸ ಹಣ ಹಾಕುವುದಿಲ್ಲ.

ಕೊನೆಯ ಸಾಲನ್ನು ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಶುರುವಿನ ಮೊದಲೇ ಬರೆದು ಇಬ್ಬರೂ ಸಹಿ ಹಾಕಿ. ಒಡವೆ ಅಡವಿಡಲು ಮನೆಯವರು ಕೊಟ್ಟಿದ್ದರೆ ಅವರಿಗೂ ಒಂದು ಪ್ರತಿ ಕೊಡಿ.