ಚಾರ್ಜ್‌ಬ್ಯಾಕ್ ಬಂದಾಗ ರೀಫಂಡ್ ಬಟನ್ ಒತ್ತಬೇಡಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವವರೊಬ್ಬರಿಂದ ಪುಣೆಯ ಗಿರಾಕಿಯೊಬ್ಬರು ಕ್ರೆಡಿಟ್ ಕಾರ್ಡ್‌ನಲ್ಲಿ 4,200 ರೂಪಾಯಿ ಕಟ್ಟಿ ಆರು ಪ್ಯಾಂಟ್ ತರಿಸಿಕೊಂಡರು ಎಂದಿಟ್ಟುಕೊಳ್ಳಿ. ತಿಂಗಳ ನಂತರ ಪೇಮೆಂಟ್ ಗೇಟ್‌ವೇಯಿಂದ ಇಮೇಲ್ ಬರುತ್ತದೆ: ಸರಕು ತಲುಪಿಲ್ಲವೆಂದು ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಕೇಳುವ ದೂರು, ದಾಖಲಾಗಿದೆ. ಮುಂದಿನ ಸೆಟ್ಲ್‌ಮೆಂಟ್‌ನಲ್ಲಿ ಅಷ್ಟು ಹಣ ಕಡಿತವಾಗಿರುತ್ತದೆ.

ಗೇಟ್‌ವೇಯ ಸಹಾಯವಾಣಿಯ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ದೂರು ದಾಖಲಾಗಿರುವುದು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ. ಗೇಟ್‌ವೇ ನಿಮ್ಮ ಉತ್ತರವನ್ನು ಮುಂದಕ್ಕೆ ದಾಟಿಸುತ್ತದೆ, ಅಷ್ಟೆ. ಮೊದಲು ಡ್ಯಾಶ್‌ಬೋರ್ಡ್ ತೆರೆದು ದೂರಿನ ಕಾರಣ ಮತ್ತು ಉತ್ತರಿಸಲು ಇರುವ ಕೊನೆಯ ದಿನವನ್ನು ನೋಡಿಕೊಳ್ಳಿ. ಆ ದಿನ ದಾಟಿದರೆ ನಿಮ್ಮ ಬಳಿ ಎಂಥ ದಾಖಲೆ ಇದ್ದರೂ ಹಣ ಹೋದಂತೆಯೇ.

ಗಾಬರಿಯಲ್ಲಿ ರೀಫಂಡ್ ಮಾಡುವುದು ಅತಿ ದುಬಾರಿ ತಪ್ಪು. ಚಾರ್ಜ್‌ಬ್ಯಾಕ್‌ನ ಹಣ ಒಂದು ದಾರಿಯಲ್ಲಿ, ರೀಫಂಡ್ ಇನ್ನೊಂದು ದಾರಿಯಲ್ಲಿ ಹೋಗಿ ಗಿರಾಕಿಗೆ 8,400 ರೂಪಾಯಿ ಸೇರಬಹುದು. ತಪ್ಪು ನಿಮ್ಮದೇ ಆಗಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಚಾರ್ಜ್‌ಬ್ಯಾಕ್ ಒಪ್ಪಿಕೊಂಡರೆ ಸಾಕು. ದೂರಿಗೆ ಮೊದಲೇ ರೀಫಂಡ್ ಮಾಡಿದ್ದರೆ ಅದರ ದಿನಾಂಕ ಮತ್ತು ಬ್ಯಾಂಕುಗಳು ಆ ರೀಫಂಡನ್ನು ಗುರುತಿಸುವ ಎಆರ್‌ಎನ್ ಸಂಖ್ಯೆಯನ್ನು ಕೊಡಿ.

ಸರಕು ತಲುಪಿದ್ದು ನಿಜವಾದರೆ ವಾದಿಸಿ. ಕೊರಿಯರ್‌ನವರಿಂದ ಡೆಲಿವರಿಯ ಪುರಾವೆ ಪಡೆಯಿರಿ. 'ಡೆಲಿವರ್ಡ್' ಎಂಬ ಒಂದೇ ಪದದ ಸ್ಕ್ರೀನ್‌ಶಾಟ್ ದುರ್ಬಲ ಸಾಕ್ಷಿ. ಪಡೆದವರ ಹೆಸರು, ಸಹಿ ಅಥವಾ ಒಟಿಪಿ ದಾಖಲೆ, ದಿನಾಂಕ, ಪೂರ್ಣ ವಿಳಾಸ ಬೇಕು. ಆ ವಿಳಾಸ ಆರ್ಡರ್‌ನಲ್ಲಿರುವುದಕ್ಕೆ ತಾಳೆಯಾಗಬೇಕು. ಅದರೊಂದಿಗೆ ಬಿಲ್, ಪ್ಯಾಂಟ್‌ನ ಅಳತೆಯ ಬಗ್ಗೆ ನಡೆದ ವಾಟ್ಸ್ಆ್ಯಪ್ ಮಾತುಕತೆ ಸೇರಿಸಿ. ಮೇಲೆ ಅರ್ಧ ಪುಟದ ಪತ್ರವಿರಲಿ: ಯಾವ ದಿನ ಆರ್ಡರ್, ಯಾವ ದಿನ ರವಾನೆ, ಯಾರು ಪಡೆದರು. ಇಂಗ್ಲಿಷಿನಲ್ಲಿ ಬರೆಯುವುದೇ ಒಳಿತು, ಓದುವವರು ಬಳ್ಳಾರಿಯವರಲ್ಲ. ನಿಮ್ಮ ಸಿಟ್ಟು ಅದರಲ್ಲಿ ಬೇಡ.

ಗಿರಾಕಿಗೂ ಒಮ್ಮೆ ಫೋನ್ ಮಾಡಿ. ಪಾರ್ಸೆಲ್ ಅಪಾರ್ಟ್‌ಮೆಂಟ್‌ನ ಕಾವಲುಗಾರರ ಬಳಿ ಉಳಿದಿರುವುದುಂಟು. ದೂರು ಹಿಂಪಡೆಯುವುದಾಗಿ ಅವರು ಹೇಳಿದರೆ ಅದನ್ನು ಇಮೇಲ್‌ನಲ್ಲಿ ಬರೆಸಿಕೊಂಡು ದಾಖಲೆಗಳ ಜೊತೆ ಲಗತ್ತಿಸಿ. ಬಾಯಿಮಾತು ನಂಬಿ ಉತ್ತರ ಕಳುಹಿಸದೇ ಕೂರಬೇಡಿ.

ದೂರಿನ ಕಾರಣ ಬೇರೆಯಾದರೆ ಸಾಕ್ಷಿಯೂ ಬೇರೆ. ಬಣ್ಣ, ಅಳತೆ ಹೇಳಿದಂತಿಲ್ಲ ಎಂದರೆ ಜಾಲತಾಣದಲ್ಲಿ ಹಾಕಿದ್ದ ಚಿತ್ರ, ವಿವರಣೆ ಬೇಕು. ಡೆಲಿವರಿಯ ಸಹಿ ಅಲ್ಲಿ ಉಪಯೋಗಕ್ಕೆ ಬಾರದು. 'ಈ ಪಾವತಿ ನನ್ನದಲ್ಲ' ಎಂದರೆ ಪಾವತಿಯ ವೇಳೆ ಒಟಿಪಿ ದೃಢೀಕರಣವಾಗಿದೆಯೇ ಎಂದು ಗೇಟ್‌ವೇಯನ್ನು ಕೇಳಿ. ಆಗಿದ್ದರೆ ಸಾಮಾನ್ಯವಾಗಿ ನಷ್ಟದ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿನದು.

ಇಂಥ ದೂರುಗಳಲ್ಲಿ ಕೆಲವು ಮೋಸವೇ ಅಲ್ಲ. ಕಾರ್ಡ್ ಬಿಲ್ಲಿನಲ್ಲಿ ಅಂಗಡಿಯ ಹೆಸರಿನ ಬದಲು ಮಾಲೀಕರ ಹಳೆಯ ಸಂಸ್ಥೆಯ ಹೆಸರು ಕಂಡು ಗಿರಾಕಿ ಗೊಂದಲಗೊಂಡಿರುತ್ತಾರೆ. ಬಿಲ್ಲಿನಲ್ಲಿ ಕಾಣುವ ಹೆಸರನ್ನು ಬದಲಿಸಿಕೊಡುವಂತೆ ಗೇಟ್‌ವೇಗೆ ಬರೆಯಿರಿ.